ನಿಘಂಟು ಕೈಯಲ್ಲಿದ್ದರೂ ಫೇಲಾಗುವ ಪರೀಕ್ಷೆ

ಪ್ರಶ್ನೆ: ನಾನು ಬೆಂಗಳೂರಿನ ಕಂಪನಿಯೊಂದರಲ್ಲಿ ವೈದ್ಯಕೀಯ ಉಪಕರಣಗಳ ಕೈಪಿಡಿಗಳನ್ನು ಜರ್ಮನ್‌ನಿಂದ ಇಂಗ್ಲಿಷಿಗೆ ಅನುವಾದಿಸುತ್ತೇನೆ. ಅಮೆರಿಕನ್ ಟ್ರಾನ್ಸ್‌ಲೇಟರ್ಸ್ ಅಸೋಸಿಯೇಷನ್, ಅಂದರೆ ಎಟಿಎ ನಡೆಸುವ ಪ್ರಮಾಣಪತ್ರದ ಪರೀಕ್ಷೆ ಬರೆಯಬೇಕೆಂದಿದ್ದೇನೆ. ಸಮಯ ಮೂರು ಗಂಟೆ, ಅನುವಾದಿಸಬೇಕಾದ್ದು ಸುಮಾರು 500 ಪದ, ನಿಘಂಟು ನೋಡಬಹುದು, ಇಂಟರ್ನೆಟ್ಟೂ ಉಂಟು. ಇಷ್ಟಿದ್ದೂ ಐವರಲ್ಲಿ ಒಬ್ಬರು ಪಾಸಾಗುವುದೂ ಕಷ್ಟವಂತೆ. ಯಾಕೆ? ತಯಾರಿ ಹೇಗಿರಬೇಕು?

ಉತ್ತರ: ನೀವು ಕೇಳಿದ್ದು ನಿಜ. ಪಾಸಾಗುವವರು ಶೇ. 20ಕ್ಕಿಂತ ಕಡಿಮೆ ಎಂದು ಎಟಿಎ ತಾನೇ ಹೇಳುತ್ತ ಬಂದಿದೆ. ನಿಘಂಟಿನಲ್ಲಿ ಹುಡುಕುವ ಪದಗಳಿಂದ ಈ ಪರೀಕ್ಷೆಯಲ್ಲಿ ಅಂಕ ಹೋಗುವುದು ಕಡಿಮೆ. ಗೊತ್ತಿದೆ ಅಂದುಕೊಂಡು ಹುಡುಕದೇ ಬಿಟ್ಟ ಪದಗಳಿಂದಲೇ ಹೆಚ್ಚು ಹೋಗುತ್ತದೆ. ಅದು ಹೇಗೆಂದು ತಿಳಿಯಲು ಮೊದಲು ಅಂಕ ಹಾಕುವ ಕ್ರಮ ಗೊತ್ತಿರಬೇಕು.

ಇಲ್ಲಿ ಸೊನ್ನೆಯಿಂದ ಮೇಲಕ್ಕೆ ಎಣಿಸುತ್ತಾರೆ. ಪ್ರತಿ ತಪ್ಪಿಗೂ ಅದರ ತೂಕಕ್ಕೆ ತಕ್ಕಂತೆ 1, 2, 4, 8 ಅಥವಾ 16 ತಪ್ಪಂಕ ಬೀಳುತ್ತದೆ. ಒಂದು ಪಠ್ಯದಲ್ಲಿ ಒಟ್ಟು 17 ಆದರೆ ಪಾಸು, 18 ಆದರೆ ಫೇಲು. ವಿಶೇಷವಾಗಿ ಚೆನ್ನಾಗಿ ಬಂದ ಜಾಗಗಳಿಗೆಂದು ಒಂದು ಪಠ್ಯಕ್ಕೆ ಹೆಚ್ಚೆಂದರೆ 3 ಅಂಕ ಕಳೆಯುತ್ತಾರೆ. ಅಷ್ಟೇ ರಿಯಾಯಿತಿ. ಎರಡು ಪಠ್ಯಗಳಲ್ಲೂ ಪಾಸಾಗಬೇಕು. ಒಂದರಲ್ಲಿ ಅದ್ಭುತವಾಗಿ ಮಾಡಿ ಇನ್ನೊಂದರಲ್ಲಿ ಎಡವಿದರೆ ಪ್ರಯೋಜನವಿಲ್ಲ.

ತೂಕವನ್ನು ನಿರ್ಧರಿಸುವುದು ಓದುಗನಿಗೆ ಆಗುವ ಹಾನಿ. ಅಲ್ಪವಿರಾಮ ತಪ್ಪಿದರೆ ಓದುಗ ದಾಟಿಕೊಂಡು ಹೋಗುತ್ತಾನೆ, ಒಂದು ಅಂಕದಲ್ಲಿ ಮುಗಿಯುತ್ತದೆ. ಅರ್ಥ ತಿರುಗಿಬಿದ್ದರೆ ಅವನು ದಾರಿ ತಪ್ಪುತ್ತಾನೆ, ಅಂಕವೂ ದುಬಾರಿ. ಜರ್ಮನ್ ಪತ್ರಿಕೆಗಳಲ್ಲಿ ದಿನವೂ ಕಾಣುವ ಒಂದು ರಚನೆ ನೋಡಿ. ‘ಜೊಲ್’ ಎಂಬ ಸಹಾಯಕ ಕ್ರಿಯಾಪದ ಬಳಸಿ, ಮಂತ್ರಿಗೆ ವಿಷಯ ಗೊತ್ತಿತ್ತಂತೆ ಎಂದು ಬರೆದಿರುತ್ತಾರೆ. ಕನ್ನಡದ ‘ಅಂತೆ’ ಮಾಡುವ ಕೆಲಸವನ್ನೇ ಅದು ಅಲ್ಲಿ ಮಾಡುತ್ತದೆ. ಅವಸರದಲ್ಲಿರುವ ಅಭ್ಯರ್ಥಿ ಅದನ್ನು ಇಂಗ್ಲಿಷಿನಲ್ಲಿ ‘ಶುಡ್ ಹ್ಯಾವ್ ನೋನ್’ ಎಂದು ಬರೆಯುತ್ತಾನೆ. ಅಂದರೆ ‘ಗೊತ್ತಿರಬೇಕಿತ್ತು’, ಆದರೆ ಗೊತ್ತಿರಲಿಲ್ಲ ಎಂದಾಯಿತು. ಮಂತ್ರಿಯ ಮೇಲಿದ್ದ ಆರೋಪವೇ ಬದಲಾಯಿತು! ಜರ್ಮನ್ ಕಲಿತ ಮೊದಲ ವರ್ಷದಲ್ಲೇ ಪರಿಚಯವಾದ ಪದ, ಯಾರು ನಿಘಂಟು ತೆಗೆಯುತ್ತಾರೆ? ‘ಬಿಲಿಯೋನ್’ ಕೂಡ ಅಂಥದ್ದೇ. ಜರ್ಮನ್‌ನಲ್ಲಿ ಅದು ಲಕ್ಷ ಕೋಟಿ, ಇಂಗ್ಲಿಷಿನ ಬಿಲಿಯನ್ ನೂರು ಕೋಟಿ. ಸಾವಿರ ಪಟ್ಟು ವ್ಯತ್ಯಾಸ ಒಂದೇ ಪದದಲ್ಲಿ ನುಸುಳಿಬಿಡುತ್ತದೆ.

ಈಗ ಒಂದು ಉತ್ತರಪತ್ರಿಕೆಯನ್ನು ಕಲ್ಪಿಸಿಕೊಂಡು ಲೆಕ್ಕ ಹಾಕೋಣ. ಮಂತ್ರಿಯ ವಾಕ್ಯ ತಿರುಗಿತು, 8. ಉದ್ದ ವಾಕ್ಯವೊಂದರ ಉಪವಾಕ್ಯ ಬಿಟ್ಟುಹೋಯಿತು, 4. ಎರಡು ಪದಗಳ ಆಯ್ಕೆ ಸಡಿಲ, ತಲಾ 2ರಂತೆ 4. ಒಂದು ಅಕ್ಷರ ತಪ್ಪು, 1. ಒಟ್ಟು 17, ಕೂದಲೆಳೆಯಲ್ಲಿ ಪಾಸು. ಇನ್ನೊಂದು ಅಲ್ಪವಿರಾಮ ತಪ್ಪಿದ್ದರೆ ಫೇಲು. ಫೇಲಾದವರಿಗೆ ಆ ಅಲ್ಪವಿರಾಮವೇ ಕಣ್ಣಿಗೆ ರಾಚುತ್ತದೆ. ನಿಜವಾಗಿ ಮುಳುಗಿಸಿದ್ದು ಮೊದಲ ಎರಡು ತಪ್ಪುಗಳು.

ಇನ್ನು ಪಠ್ಯಗಳ ವಿಚಾರ. 225ರಿಂದ 275 ಪದಗಳ ಮೂರು ಪಠ್ಯ ಕೊಡುತ್ತಾರೆ, ಎರಡನ್ನು ಅನುವಾದಿಸಬೇಕು. ಒಂದು ಅಭಿಪ್ರಾಯ ಮಂಡಿಸುವ ಬರಹ ಇರಬಹುದು, ವಿಜ್ಞಾನ ಅಥವಾ ವೈದ್ಯಕೀಯದ್ದಿರಬಹುದು, ವ್ಯವಹಾರ ಅಥವಾ ಕಾನೂನಿಗೆ ಸಂಬಂಧಿಸಿದ್ದಿರಬಹುದು. ಯಾವುದೇ ಆದರೂ ಓದು ಬರಹ ಬಲ್ಲ ಸಾಮಾನ್ಯ ಓದುಗರಿಗೆಂದು ಬರೆದದ್ದೇ ಆಗಿರುತ್ತದೆ. ನಿಮಗೆ ಅಪಾಯವಿರುವುದು ಇಲ್ಲೇ. ವೈದ್ಯಕೀಯ ಪಠ್ಯ ಕಂಡ ಕೂಡಲೇ ‘ಇದು ನನ್ನದು’ ಎಂದು ಕೈ ಹಾಕುತ್ತೀರಿ. ಮೂಲದಲ್ಲಿ ‘ರಕ್ತದೊತ್ತಡ ಜಾಸ್ತಿ’ ಎಂಬಷ್ಟು ಸರಳವಾಗಿ ಇದ್ದದ್ದನ್ನು ಕೈಪಿಡಿಯ ಅಭ್ಯಾಸದಲ್ಲಿ ‘ಹೈಪರ್‌ಟೆನ್ಷನ್’ ಮಾಡಿಬಿಡುತ್ತೀರಿ. ಅರ್ಥ ಸರಿ, ಆದರೆ ಧಾಟಿ ತಪ್ಪು, ಅದಕ್ಕೂ ತಪ್ಪಂಕವಿದೆ. ಅನುವಾದ ಯಾರಿಗಾಗಿ, ಎಲ್ಲಿ ಪ್ರಕಟವಾಗಲಿಕ್ಕೆ ಎಂಬ ಸೂಚನೆ ಪ್ರತಿ ಪಠ್ಯದ ಜೊತೆಗಿರುತ್ತದೆ. ಅದನ್ನು ಎರಡು ಸಲ ಓದಿ. ಪಠ್ಯ ಆರಿಸುವಾಗ ವಿಷಯ ನೋಡಬೇಡಿ, ವಾಕ್ಯ ನೋಡಿ. ಒಂದೇ ಓದಿಗೆ ಎಲ್ಲ ವಾಕ್ಯಗಳ ಕರ್ತೃ, ಕ್ರಿಯೆ ಸಿಕ್ಕಿದರೆ ಆ ಪಠ್ಯ ನಿಮ್ಮದು. ಗೊತ್ತಿಲ್ಲದ ನಾಲ್ಕು ಪದಗಳನ್ನು ನಿಘಂಟಿನಿಂದ ತುಂಬಿಕೊಳ್ಳಬಹುದು, ಅರ್ಥವಾಗದ ಒಂದು ವಾಕ್ಯವನ್ನು ತುಂಬಿಕೊಳ್ಳಲಾಗದು.

ಸಮಯವನ್ನು ನಾನಾದರೆ ಹೀಗೆ ಹಂಚುತ್ತೇನೆ: ಓದಿ ಆರಿಸಲು 10 ನಿಮಿಷ, ಪ್ರತಿ ಪಠ್ಯಕ್ಕೆ 60 ನಿಮಿಷ, ನಡುವೆ 10 ನಿಮಿಷ ವಿಶ್ರಾಂತಿ, ಕೊನೆಯ 40 ನಿಮಿಷ ಪರಿಶೀಲನೆಗೆ. ಮುಖ್ಯವಾದ್ದು ಆ 60 ನಿಮಿಷದ ಒಳಗಿನ ಕಟ್ಟುಪಾಡು. ಮೊದಲ 35 ನಿಮಿಷ ಏನನ್ನೂ ಹುಡುಕಬೇಡಿ. ಅನುಮಾನ ಬಂದ ಕಡೆ xx ಎಂದು ಟೈಪ್ ಮಾಡಿ ಮುಂದೆ ಹೋಗಿ. ವಾಕ್ಯದ ನಡುವೆ ನಿಘಂಟಿಗೆ ಹೋಗಿ ಬಂದಾಗಲೇ ಉಪವಾಕ್ಯ ಬಿಟ್ಟುಹೋಗುವುದು. ಉಳಿದ 25 ನಿಮಿಷದಲ್ಲಿ xx ಹಾಕಿದ ಪದಗಳನ್ನು ನೋಡಿ, ಒಂದಕ್ಕೆ ಮೂರು ನಿಮಿಷ ಮೀರಬೇಡಿ. ಮೂರು ನಿಮಿಷದಲ್ಲಿ ಸಿಗದ್ದು ಹತ್ತು ನಿಮಿಷದಲ್ಲೂ ಸಿಗುವುದು ಅಪರೂಪ. ಕೊನೆಗೆ ಒಂದೇ ಪದ ಉಳಿಸಿ. ಎರಡು ಪರ್ಯಾಯ ಬರೆದು ಆಯ್ಕೆಯನ್ನು ಮೌಲ್ಯಮಾಪಕರಿಗೆ ಬಿಟ್ಟರೆ ಅದೂ ಒಂದು ಬಗೆಯ ತಪ್ಪು.

ಆಕರಗಳಲ್ಲಿ ದ್ವಿಭಾಷಾ ನಿಘಂಟು ಪದ ಹುಡುಕಿಕೊಡುತ್ತದೆ, ಏಕಭಾಷಾ ನಿಘಂಟು ಅದನ್ನು ಖಚಿತಪಡಿಸುತ್ತದೆ. ಜರ್ಮನ್‌ಗೆ ಡೂಡೆನ್, ಇಂಗ್ಲಿಷಿಗೆ ಮೆರಿಯಮ್ ವೆಬ್‌ಸ್ಟರ್ ಕೈಗೆ ಒಗ್ಗಿರಲಿ. ಪರೀಕ್ಷೆಯ ದಿನ ಹೊಸ ಜಾಲತಾಣ ಹುಡುಕಬೇಡಿ. ಯಂತ್ರಾನುವಾದ, ಇಮೇಲ್, ಚಾಟ್ ನಿಷಿದ್ಧ. ಕಾಗುಣಿತ ತಿದ್ದುವ ಸೌಲಭ್ಯವೂ ಇಲ್ಲವೆಂದೇ ಅಭ್ಯಾಸ ಮಾಡಿ. ಪುಟವನ್ನು ತಾನಾಗಿ ಅನುವಾದಿಸುವ ಬ್ರೌಸರ್ ಸೌಲಭ್ಯವನ್ನು ಮೊದಲೇ ಆಫ್ ಮಾಡಿಡಿ. ನಿಯಮಗಳ ಸದ್ಯದ ಪ್ರತಿಯನ್ನು ಹೆಸರು ನೋಂದಾಯಿಸುವ ಮುನ್ನ ಓದಿಕೊಳ್ಳಿ.

ಅಭ್ಯಾಸಕ್ಕೆ ಕೈಪಿಡಿ ಬೇಡ, ಜರ್ಮನ್ ದಿನಪತ್ರಿಕೆಯ ಸಂಪಾದಕೀಯ ಪುಟ ಸಾಕು. 250 ಪದ ಕತ್ತರಿಸಿಕೊಂಡು ಗಡಿಯಾರ ಇಟ್ಟು ಮಾಡಿ. ಮರುದಿನ ಒಂದೊಂದು ವಾಕ್ಯವನ್ನೂ ಮೂಲದೊಂದಿಗೆ ಹೋಲಿಸಿ, ಯಾವ ಬಗೆಯ ತಪ್ಪು, ಎಷ್ಟು ತೂಕ ಎಂದು ಪಟ್ಟಿ ಮಾಡಿ. ಹತ್ತು ಪಠ್ಯ ಮುಗಿಯುವ ಹೊತ್ತಿಗೆ ನಿಮ್ಮ ಅಂಕ ಸೋರುವ ಜಾಗ ಪಟ್ಟಿಯಲ್ಲೇ ಕಾಣುತ್ತದೆ. ಅಂಥ ಪದಗಳನ್ನು, ಗೊತ್ತಿದ್ದರೂ, ಕಡ್ಡಾಯವಾಗಿ ಪರೀಕ್ಷಿಸುವ ಪಟ್ಟಿಗೆ ಸೇರಿಸಿಕೊಳ್ಳಿ. ಆಮೇಲೆ ಎಟಿಎಯ ಅಭ್ಯಾಸ ಪರೀಕ್ಷೆ ತೆಗೆದುಕೊಳ್ಳಿ. ತಪ್ಪುಗಳನ್ನು ಗುರುತಿಸಿ ಅದನ್ನು ಹಿಂತಿರುಗಿಸುತ್ತಾರೆ. ಮೌಲ್ಯಮಾಪಕರು ಹಿಡಿದ ದೊಡ್ಡ ತಪ್ಪುಗಳು ನಿಮ್ಮ ಪಟ್ಟಿಯಲ್ಲಿ ಮೊದಲೇ ಇದ್ದ ಬಗೆಯವೇ ಆಗಿದ್ದರೆ ಪರೀಕ್ಷೆಗೆ ಹಣ ಕಟ್ಟಿ. ನಿಮಗೆ ಕಾಣದೇ ಹೋದ ಬಗೆಯವಾಗಿದ್ದರೆ ಇನ್ನೂ ಹತ್ತು ಪಠ್ಯ ಮಾಡಿ.