ಹೆಸರು ತಿದ್ದಿಸುವ ಅರ್ಜಿ: ಮುಖ್ಯ ಶಿಕ್ಷಕಿಯ ಅನುಭವದ ಪಾಠಗಳು

ಹತ್ತನೇ ತರಗತಿಯ ಮಕ್ಕಳ ಹೆಸರುಗಳನ್ನು ಪರೀಕ್ಷಾ ಮಂಡಲಿಗೆ ಕಳಿಸುವ ಹೊತ್ತಿಗೆ ನಮ್ಮ ಪ್ರೌಢಶಾಲೆಯ ಕಚೇರಿಯ ಮುಂದೆ ಪೋಷಕರು ಸಾಲುಗಟ್ಟುತ್ತಾರೆ. ಅವರ ಕೈಯಲ್ಲಿರುವ ಅರ್ಜಿಯಲ್ಲಿ ಸಾಮಾನ್ಯವಾಗಿ ಒಂದೇ ವಾಕ್ಯ ಇರುತ್ತದೆ: "ನನ್ನ ಮಗಳ ಹೆಸರು ತಪ್ಪಾಗಿದೆ, ದಯವಿಟ್ಟು ಸರಿಪಡಿಸಿಕೊಡಿ." ಇಷ್ಟರಿಂದ ಕೆಲಸ ಸಾಗುವುದಿಲ್ಲ. ಯಾಕೆಂದು ಒಂದು ಪ್ರಕರಣ ಇಟ್ಟುಕೊಂಡೇ ಹೇಳುತ್ತೇನೆ. ಹುಡುಗಿಯ ಹೆಸರನ್ನು ಬದಲಿಸಿದ್ದೇನೆ.

1. ತಪ್ಪು ಯಾವ ಶಾಲೆಯಲ್ಲಿ ಆಯಿತೆಂದು ಮೊದಲು ಪತ್ತೆ ಮಾಡಿ.

ಹರ್ಷಿತಾಳನ್ನು ಒಂದನೇ ತರಗತಿಗೆ ಸೇರಿಸಿದ್ದು ಅವಳ ಅಜ್ಜಿ. ಆಕೆ ಹೇಳಿದ ಹೆಸರು ಕಿವಿಗೆ ಬಿದ್ದ ಹಾಗೆಯೇ ದಾಖಲಾತಿ ವಹಿಯಲ್ಲಿ 'ಅರ್ಷಿತ' ಎಂದು ಕೂತಿತು. ವಹಿಯಿಂದ ಸ್ಯಾಟ್ಸ್ ತಂತ್ರಾಂಶಕ್ಕೆ, ಅಲ್ಲಿಂದ ವರ್ಗಾವಣೆ ಪತ್ರಕ್ಕೆ, ಅದರಿಂದ ನಮ್ಮ ವಹಿಗೆ ಅದೇ ಹೆಸರು ಇಳಿದು ಬಂತು. ಟಿ.ಸಿ.ಯಲ್ಲಿ ಇರುವುದನ್ನೇ ನಾವು ಬರೆದುಕೊಳ್ಳಬೇಕು. ನಮ್ಮ ವಹಿಯೊಂದನ್ನೇ ತಿದ್ದಿದರೆ ಅದು ಟಿ.ಸಿ.ಗೆ ತಾಳೆಯಾಗುವುದಿಲ್ಲ, ಮುಂದೆ ಯಾರಾದರೂ ಎರಡನ್ನೂ ಇಟ್ಟು ನೋಡಿದರೆ ಇಬ್ಬರು ಮಕ್ಕಳೆಂದೇ ಅನುಮಾನಿಸುತ್ತಾರೆ. ಹಾಗಾಗಿ ಅವಳ ತಂದೆಯ ಮೊದಲ ಅರ್ಜಿ ಹೋಗಬೇಕಾದದ್ದು ಹಳೆಯ ಪ್ರಾಥಮಿಕ ಶಾಲೆಗೆ. ಅಲ್ಲಿ ತಿದ್ದುಪಡಿಯಾಗಿ ಪತ್ರ ಬಂದ ಮೇಲೆ ನಮ್ಮ ಕೆಲಸ ಸಲೀಸಾಯಿತು.

2. ಈಗ ಇರುವುದನ್ನೂ ಇರಬೇಕಾದದ್ದನ್ನೂ ಎರಡು ಲಿಪಿಯಲ್ಲಿ ಬರೆಯಿರಿ.

ಪೋಷಕರು ಹೆಚ್ಚು ಎಡವುವುದು ಇಲ್ಲೇ. ಅವಳ ತಂದೆ ನಮ್ಮ ಶಾಲೆಗೆ ಮೊದಲು ಬರೆದ ಅರ್ಜಿಯಲ್ಲಿ 'ಹರ್ಷಿತಾ ಎಂದು ಮಾಡಿ' ಎಂದಷ್ಟೇ ಇತ್ತು. ಕನ್ನಡದಲ್ಲಿ ಅದು ಸಾಕು. ಆದರೆ ಇಂಗ್ಲಿಷಿನಲ್ಲಿ HARSHITA ಎಂದೂ ಬರೆಯಬಹುದು, HARSHITHA ಎಂದೂ ಬರೆಯಬಹುದು. ಅವಳ ಜನನ ಪ್ರಮಾಣ ಪತ್ರದಲ್ಲಿಯೂ ಆಧಾರ್‌ನಲ್ಲಿಯೂ ಇದ್ದದ್ದು ಎರಡನೆಯದು, ಜೊತೆಗೆ ಕೊನೆಯಲ್ಲಿ ಇನಿಷಿಯಲ್. ಗುಮಾಸ್ತರು ಊಹಿಸಿ ಟೈಪ್ ಮಾಡಿದರೆ ಒಂದು ತಪ್ಪು ಹೋಗಿ ಇನ್ನೊಂದು ಬರುತ್ತದೆ. ನಾವು ಕೂರಿಸಿ ಹೀಗೆ ಬರೆಸಿದೆವು:

"ಮಾನ್ಯರೇ, ವಿಷಯ: ವಿದ್ಯಾರ್ಥಿನಿಯ ಹೆಸರಿನ ತಿದ್ದುಪಡಿ ಕೋರಿ. ನನ್ನ ಮಗಳು ತಮ್ಮ ಶಾಲೆಯಲ್ಲಿ 9ನೇ ತರಗತಿಯಲ್ಲಿ ಓದುತ್ತಿದ್ದಾಳೆ. ಅವಳ ದಾಖಲಾತಿ ಸಂಖ್ಯೆ ಮತ್ತು ಸ್ಯಾಟ್ಸ್ ಸಂಖ್ಯೆ ಕೆಳಗಿವೆ. ಶಾಲಾ ದಾಖಲೆಯಲ್ಲಿ ಅವಳ ಹೆಸರು 'ಅರ್ಷಿತ, ARSHITA' ಎಂದಿದೆ. ಜನನ ಪ್ರಮಾಣ ಪತ್ರದಂತೆ 'ಹರ್ಷಿತಾ ಎಚ್., HARSHITHA H' ಎಂದಿರಬೇಕು. ದಾಖಲಾತಿ ವಹಿ ಮತ್ತು ಸ್ಯಾಟ್ಸ್ ಎರಡರಲ್ಲೂ ತಿದ್ದುಪಡಿ ಮಾಡಿಕೊಡಬೇಕೆಂದು ಕೋರುತ್ತೇನೆ. ಲಗತ್ತು: ಜನನ ಪ್ರಮಾಣ ಪತ್ರ, ಆಧಾರ್ ಪ್ರತಿ, ಹಿಂದಿನ ಶಾಲೆಯ ತಿದ್ದುಪಡಿ ಪತ್ರ."

ಕೆಳಗೆ ತಂದೆ ಅಥವಾ ತಾಯಿಯ ಸಹಿ, ದಿನಾಂಕ, ಫೋನ್ ಸಂಖ್ಯೆ. ಹೆಸರಷ್ಟೇ ಅಲ್ಲದೆ ಇನಿಷಿಯಲ್ ಮುಂದೆ ಬರಬೇಕೋ ಹಿಂದೆ ಬರಬೇಕೋ ಎಂಬುದನ್ನೂ ಜನನ ಪ್ರಮಾಣ ಪತ್ರದಲ್ಲಿ ಇದ್ದಂತೆಯೇ ಬರೆಯಿರಿ.

3. ಆಧಾರ್ ಒಂದನ್ನೇ ನಂಬಿ ಬರಬೇಡಿ.

ಅಕ್ಷರದ ತಪ್ಪು ತಿದ್ದಲು ನಾನು ಮೊದಲು ಕೇಳುವುದು ಜನನ ಪ್ರಮಾಣ ಪತ್ರ. ಅದರಲ್ಲೇ ತಪ್ಪಿದ್ದರೆ ಶಾಲೆ ಏನೂ ಮಾಡಲಾಗದು, ಮೊದಲು ಜನನ ನೋಂದಣಾಧಿಕಾರಿಯ ಕಚೇರಿಗೆ ಹೋಗಬೇಕು. ಮಗುವಿಗೆ ಬೇರೆಯೇ ಹೆಸರಿಡುವ ಮನಸ್ಸಾಗಿದ್ದರೆ ಅದು ತಿದ್ದುಪಡಿಯಲ್ಲ, ಹೆಸರು ಬದಲಾವಣೆ. ಅದರ ದಾರಿ ಬೇರೆ, ಅಫಿಡವಿಟ್ಟು ಬೇಕಾಗುತ್ತದೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸಿದರೆ ಕಡತ ಅಲ್ಲೇ ನಿಲ್ಲುತ್ತದೆ.

4. ಸ್ವೀಕೃತಿ ಪಡೆಯಿರಿ, ಆಮೇಲೆ ಕಣ್ಣಾರೆ ನೋಡಿ.

ಅರ್ಜಿಯ ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ವಹಿಯಲ್ಲಿ ಹಳೆಯ ಹೆಸರಿನ ಮೇಲೆ ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಮೇಲೆ ಹೊಸದನ್ನು ಬರೆದು ಮುಖ್ಯ ಶಿಕ್ಷಕರು ದಿನಾಂಕ ಸಹಿತ ಸಹಿ ಮಾಡಬೇಕು. ಬಿಳಿ ಬಣ್ಣ ಬಳಿದು ಬರೆದ ತಿದ್ದುಪಡಿಯನ್ನು ಮುಂದೆ ಯಾರೂ ಒಪ್ಪುವುದಿಲ್ಲ. ಸ್ಯಾಟ್ಸ್‌ನಲ್ಲೂ ಆಯಿತೇ ಎಂದು ತಿಳಿಯಲು ಸುಲಭದ ಉಪಾಯ: ಅದೇ ವಾರ ಒಂದು ವ್ಯಾಸಂಗ ಪ್ರಮಾಣ ಪತ್ರ ಕೇಳಿ ಪಡೆಯಿರಿ, ಅದರ ಅಕ್ಷರಗಳನ್ನು ಜನನ ಪ್ರಮಾಣ ಪತ್ರದೊಂದಿಗೆ ಒಂದೊಂದಾಗಿ ಹೋಲಿಸಿ.

5. ಎಂಟು ಅಥವಾ ಒಂಬತ್ತನೇ ತರಗತಿಯಲ್ಲೇ ಬನ್ನಿ.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮುದ್ರಣವಾದ ಮೇಲೆ ತಿದ್ದುಪಡಿ ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಆಗ ಅರ್ಜಿ ಶಾಲೆಯ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಗೆ ಹೋಗಬೇಕು, ಅಲ್ಲಿ ಕಾಯುವಾಗ ಕಾಲೇಜು ಪ್ರವೇಶದ ದಿನಗಳು ಕಳೆದುಹೋಗುತ್ತವೆ. ನಿಮ್ಮ ಮಗು ಈಗ ಒಂಬತ್ತರಲ್ಲಿದ್ದರೆ ಈ ವಾರವೇ ಜನನ ಪ್ರಮಾಣ ಪತ್ರ ಹಿಡಿದು ಶಾಲೆಗೆ ಬನ್ನಿ, ದಾಖಲಾತಿ ವಹಿ ತೋರಿಸಿ ಎಂದು ಕೇಳಿ.