ಕಿಂಡಿ ಒಂದೇ, ಒಳಗಿನ ತಂತಿ ಬೇರೆ

ಪ್ರಶ್ನೆ: ಎಚ್‌ಡಿಎಂಐ ಅಡಾಪ್ಟರಿಗೆ ಸಿಕ್ಕಿಸಿದರೆ ತಮ್ಮನ ಫೋನಿನ ಚಿತ್ರ ಟಿ.ವಿ.ಯಲ್ಲಿ ಮೂಡುತ್ತದೆ, ಅದೇ ಟೈಪ್-ಸಿ ಕಿಂಡಿಯ ನನ್ನ ಫೋನಿನದು ಮೂಡದು. ಕೆಟ್ಟಿದೆಯೆ?

ಉತ್ತರ: ಕೆಟ್ಟಿರಲಾರದು. ಟೈಪ್-ಸಿ ಎಂಬುದು ಕಿಂಡಿಯ ಆಕಾರದ ಹೆಸರೇ ಹೊರತು ಸಾಮರ್ಥ್ಯದ ಪ್ರಮಾಣಪತ್ರವಲ್ಲ. ಅದರ 24 ಸಂಪರ್ಕಬಿಂದುಗಳಲ್ಲಿ ಯುಎಸ್‌ಬಿ 2.0 ದತ್ತಾಂಶಕ್ಕೆ, ಅಂದರೆ ಸೆಕೆಂಡಿಗೆ 480 ಮೆಗಾಬಿಟ್ ವೇಗಕ್ಕೆ, ಒಂದು ಜೋಡಿ ತಂತಿ ಸಾಕು. ಚಿತ್ರವನ್ನು ಹೊರಗೊಯ್ಯುವ ಡಿಸ್‌ಪ್ಲೇಪೋರ್ಟ್ ಸಂಕೇತವಾದರೋ ಬೇರೆಯ ಅತಿವೇಗದ ಜೋಡಿಗಳನ್ನು ಆಶ್ರಯಿಸುವುದರಿಂದ, ವೆಚ್ಚವನ್ನು ತಗ್ಗಿಸಲೆಂದು ಆ ಜೋಡಿಗಳನ್ನು ಒಳಗಿನ ಚಿಪ್ಪಿಗೆ ಸೇರಿಸದೆ ಬಿಟ್ಟ ಫೋನಿನಿಂದ ಸಾಮಾನ್ಯ ಅಡಾಪ್ಟರು, ಅದೆಷ್ಟೇ ದುಬಾರಿಯದಾಗಿರಲಿ, ಚಿತ್ರವನ್ನು ಹೊರಡಿಸಲಾರದು.

ಹಾಗೆಂದು ವೇಗವೊಂದರಿಂದಲೇ ನಿರ್ಣಯಿಸತಕ್ಕದ್ದಲ್ಲ. ಐಫೋನ್ 15ರ ದತ್ತಾಂಶವೇಗ ಅದೇ 480 ಮೆಗಾಬಿಟ್ಟಾದರೂ ಅದು ಚಿತ್ರವನ್ನು ಕೊಡುತ್ತದೆ. ಆದುದರಿಂದ ತಯಾರಕರ ವಿವರಪಟ್ಟಿಯಲ್ಲಿ DisplayPort ಎಂಬ ಪದವನ್ನೇ ಹುಡುಕಿರಿ. ಅದು ಇದ್ದೂ ಚಿತ್ರ ಬಾರದಿದ್ದರೆ ತಮ್ಮನ ಅಡಾಪ್ಟರನ್ನೇ ನಿಮ್ಮ ಫೋನಿಗೆ ಸಿಕ್ಕಿಸಿ ನೋಡಿರಿ.

ಪದವೇ ಇಲ್ಲದಿದ್ದರೆ, ಟಿ.ವಿ. ಸ್ಮಾರ್ಟ್ ಆಗಿರುವ ಪಕ್ಷದಲ್ಲಿ ವೈಫೈ ಮೂಲಕ ಕಾಸ್ಟ್ ಮಾಡುವುದೇ ಸುಲಭ. ಆಂಡ್ರಾಯ್ಡ್ ಫೋನಾದರೆ ಡಿಸ್‌ಪ್ಲೇಲಿಂಕ್ ಅಡಾಪ್ಟರೂ ಉಂಟು, ಆದರೆ ಆ್ಯಪ್ ಬೇಕು. ಹಕ್ಕುರಕ್ಷಿತ ಚಲನಚಿತ್ರಗಳು ಅದರಲ್ಲಿ ಬರಿಯ ಕಪ್ಪಾಗಿ ಕಾಣುವುದುಂಟು. ಚಾರ್ಜಿಂಗ್ ಸಹ ನಡುನಡುವೆ ಕಡಿದುಹೋಗುತ್ತಿದ್ದರೆ ಕಿಂಡಿಯೇ ಕೆಟ್ಟಿರಬಹುದು, ಆಗ ಮಾತ್ರ ರಿಪೇರಿಯವರಿಗೆ ತೋರಿಸಿರಿ. ಇಲ್ಲದ ತಂತಿಯನ್ನು ಅವರೂ ಸೇರಿಸಲಾರರು.