ಗಾಲೆಯಲ್ಲಿ ಟೆಸ್ಟ್ ನೋಡುವವರಿಗೆ

1. ಪ್ರವಾಸದ ಪಟ್ಟಿಗೆ ಐದೂ ದಿನದ ಆಟವನ್ನು ಖಚಿತವೆಂದು ಬರೆದುಕೊಳ್ಳಬೇಡಿ. ಗಾಲೆಯ ಪಿಚ್ ಬೇಗ ಒಣಗಿ ಬಿರುಕು ಬಿಡುತ್ತದೆ, ಸ್ಪಿನ್ನರುಗಳು ಪಂದ್ಯವನ್ನು ಬೇಗ ಮುಗಿಸುತ್ತಾರೆ. 2022ರಲ್ಲಿ ಆಸ್ಟ್ರೇಲಿಯಾ ಮೂರನೇ ದಿನವೇ ಗೆದ್ದಿತು. ನಮ್ಮ ಅನಿಲ್ ಕುಂಬ್ಳೆ ನಾಯಕರಾಗಿದ್ದ 2008ರ ಪಂದ್ಯ ನಾಲ್ಕನೇ ದಿನ ಮುಗಿಯಿತು. ಹೀಗಾಗಿ ದೂರದ ಊರುಗಳನ್ನು ಪಂದ್ಯಕ್ಕೆ ಮೊದಲು ನೋಡಿ ದಣಿಯುವುದಕ್ಕಿಂತ ಕೊನೆಗೆ ಇಟ್ಟುಕೊಳ್ಳುವುದು ಮೇಲು. ಆನೆಗಳಿಗೆ ಹೆಸರಾದ ಉಡವಲವೆಗೆ ಒಂದು ಇಡೀ ದಿನ ಬೇಕು. ಅದಕ್ಕೆ ಮುಂಗಡ ಹಣ ಕಟ್ಟದೆ, ಆಟ ಮುಗಿದ ಸಂಜೆಯೇ ವಾಹನ ಗೊತ್ತು ಮಾಡಿಕೊಳ್ಳಿ.

2. ಕೋಟೆಗೆ ಪ್ರತ್ಯೇಕ ದಿನ ಬೇಡ. ಅದು ಮೈದಾನದ ಪಕ್ಕದಲ್ಲೇ ಇದೆ. ಆಟ ಸಾಮಾನ್ಯವಾಗಿ ಬೆಳಗ್ಗೆ ಹತ್ತಕ್ಕೆ ಶುರುವಾಗಿ ಸಂಜೆ ಐದರ ಸುಮಾರಿಗೆ ನಿಲ್ಲುತ್ತದೆ, ಹೊತ್ತು ಮುಳುಗಲು ಇನ್ನೂ ಸುಮಾರು ಒಂದು ಗಂಟೆ ಇರುತ್ತದೆ. ಗಡಿಯಾರದ ಗೋಪುರದಿಂದ ಗೋಡೆಯ ಮೇಲೇ ನಡೆದು ದೀಪಸ್ತಂಭ ತಲುಪಲು ಅಷ್ಟು ಸಮಯ ಧಾರಾಳ. ಪೋರ್ಚುಗೀಸರು ಶುರುಮಾಡಿ ಡಚ್ಚರು ಬಲಪಡಿಸಿದ ಗೋಡೆ ಇದು. ಡಚ್ ಚರ್ಚು, ಓಣಿಯ ಹಳೆಮನೆಗಳನ್ನು ಬೆಳಗ್ಗೆ ಬಿಸಿಲೇರುವ ಮುಂಚೆ ನೋಡಿಕೊಳ್ಳಿ.

3. ಗೋಡೆಯ ಮೇಲೆ ನಿಂತು ಕಾಸಿಲ್ಲದೆ ಆಟ ನೋಡಬಹುದೆಂದು ಎಲ್ಲರೂ ಹೇಳುತ್ತಾರೆ. ಕೆಲವೊಮ್ಮೆ ಕಾವಲಿನವರು ಬಿಡುವುದಿಲ್ಲ. ಬಿಟ್ಟರೂ ಅಲ್ಲಿಂದ ಕಾಣುವುದು ಆಟದ ಆಕಾರ ಮಾತ್ರ. ಚೆಂಡು ತಿರುಗಿತೇ, ನೇರ ಬಂತೇ ತಿಳಿಯದು. ಗಾಲೆಗೆ ಹೋಗುವುದೇ ಸ್ಪಿನ್ ನೋಡಲು. ಟಿಕೆಟ್ ತೆಗೆದುಕೊಂಡು ಆದಷ್ಟು ಬೌಲರಿನ ಬೆನ್ನ ಹಿಂದೆ ಬರುವ ಜಾಗದಲ್ಲಿ ಕೂರಿ. ಚೆಂಡು ಬಿದ್ದ ಕಡೆ ದೂಳೆದ್ದರೆ, ಸ್ಲಿಪ್ ಫೀಲ್ಡರ್ ಒಂದು ಹೆಜ್ಜೆ ಮುಂದೆ ಬಂದರೆ, ಕೀಪರಿನ ಗ್ಲೌಸು ಒಮ್ಮೆ ಎದೆಮಟ್ಟಕ್ಕೆ, ಒಮ್ಮೆ ಮೊಣಕಾಲ ಕೆಳಗೆ ಚೆಂಡು ಹಿಡಿದರೆ, ನಾಲ್ಕನೇ ಇನಿಂಗ್ಸ್ ಹೇಗಿರುತ್ತದೆಂದು ಅಲ್ಲೇ ಗೊತ್ತಾಗುತ್ತದೆ. ಗೋಡೆಯಿಂದ ಬೇಕಿದ್ದರೆ ಒಂದು ಅವಧಿ ನೋಡಿ, ಎರಡು ಬದಿ ಸಮುದ್ರವಿರುವ ಆ ನೋಟ ಬೇರೆಲ್ಲೂ ಸಿಗದು.

4. ಮಳೆ ಬಂತೆಂದು ಎದ್ದು ಹೋಗಬೇಡಿ. ಶ್ರೀಲಂಕಾದಲ್ಲಿ ಪಿಚ್ಚಷ್ಟೇ ಅಲ್ಲ, ಇಡೀ ಮೈದಾನಕ್ಕೇ ಹೊದಿಕೆ ಎಳೆಯುತ್ತಾರೆ. ಮಳೆ ನಿಂತ ಮೇಲೆ ಆಟ ನಾವೆಣಿಸಿದ್ದಕ್ಕಿಂತ ಬೇಗ ಶುರುವಾಗುತ್ತದೆ.

5. ಜುಲೈ, ಆಗಸ್ಟಿನ ಪಂದ್ಯಕ್ಕೆ ಹೋದರೆ ಕಡಲಿನ ಆಸೆ ಕಡಿಮೆ ಮಾಡಿಕೊಳ್ಳಿ. ಆಗ ನೈಋತ್ಯ ಮುಂಗಾರು, ಈ ಕರಾವಳಿಯ ಅಲೆಗಳು ಒರಟು, ತೆರೆದ ಕಡೆ ಈಜುವುದು ಅಪಾಯ. ಮಿರಿಸ್ಸಾದ ತಿಮಿಂಗಿಲಗಳ ಕಾಲ ನವೆಂಬರಿನಿಂದ ಏಪ್ರಿಲಿನವರೆಗೆ. ಕಡಲನ್ನು ರೈಲಿನಿಂದಲೇ ನೋಡಬಹುದು: ಕೊಲಂಬೊ ಫೋರ್ಟಿನಿಂದ ಗಾಲೆಗೆ ಹೊರಟಾಗ ಬಲಗಡೆಯ ಕಿಟಕಿ ಹಿಡಿಯಿರಿ, ಬರುವಾಗ ಎಡಗಡೆ.